ಟಿಪಿಎಗೆ ಕ್ಲೇಮ್ ಎಲ್ಲಿಗೆ ಬಂತು ಅಂತ ಮೇಲ್ ಬರೆಯಬೇಕು, ಕೊಟ್ಟ ಕಾಗದಗಳ ಪಟ್ಟಿ ಹೇಗೆ ಹಾಕಲಿ?

ಗಂಗಾವತಿ ಮಗಳು (ಆಗಸ್ಟ್ 19)

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 68 ವರ್ಷ. ಜೂನ್ 3ರ ರಾತ್ರಿ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ತೊಡೆಮೂಳೆ ಮುರಿಯಿತು. ಗಂಗಾವತಿಯಲ್ಲೇ ಎಕ್ಸ್‌ರೇ, ರಕ್ತ ಪರೀಕ್ಷೆ ಮಾಡಿಸಿ ಮರುದಿನ ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. 5ಕ್ಕೆ ಆಪರೇಷನ್ ಮಾಡಿ ರಾಡ್ ಹಾಕಿದರು, 10ಕ್ಕೆ ಡಿಸ್ಚಾರ್ಜ್ ಆಯಿತು. ಆ ಆಸ್ಪತ್ರೆ ನಮ್ಮ ಪಾಲಿಸಿಯ ನೆಟ್‌ವರ್ಕ್‌ನಲ್ಲಿ ಇಲ್ಲ. ಹಾಗಾಗಿ ಅಷ್ಟೂ ದುಡ್ಡು ನಾವೇ ಕಟ್ಟಿ, ಆಮೇಲೆ ಕ್ಲೇಮ್ ಹಾಕಿದೆವು. ಒಟ್ಟು 1,56,400 ರೂಪಾಯಿ.

ಫೈಲ್ ಜೂನ್ 24ಕ್ಕೆ ಸ್ಪೀಡ್ ಪೋಸ್ಟ್ ಮಾಡಿದೆ. ವಿಮಾ ಕಂಪನಿಯ ಪರವಾಗಿ ಕ್ಲೇಮ್ ಕಾಗದ ನೋಡುವ ಬೆಂಗಳೂರಿನ ಟಿಪಿಎ ಆಫೀಸಿಗೆ 27ಕ್ಕೆ ತಲುಪಿದೆ. ಜುಲೈ 9ಕ್ಕೆ ಕ್ವೆರಿ ಬಂತು. ಇಂಪ್ಲಾಂಟ್, ಅಂದರೆ ಒಳಗೆ ಹಾಕಿದ ರಾಡ್‌ನ ಸ್ಟಿಕ್ಕರ್ ಮತ್ತು ಇನ್‌ವಾಯ್ಸ್, ಹೆಸರು ಅಚ್ಚಾಗಿರುವ ಕ್ಯಾನ್ಸಲ್ ಚೆಕ್, ಪೊಲೀಸರಿಗೆ ತಿಳಿಸುವಂಥ ಮೆಡಿಕೋ ಲೀಗಲ್ ಪ್ರಕರಣದ ಕಾಗದ ಅಂದರೆ ಎಂಎಲ್‌ಸಿ ಕಾಪಿ ಕೇಳಿದರು. ಮೊದಲಿನ ಎರಡನ್ನೂ, ಎಂಎಲ್‌ಸಿ ಆಗಿಲ್ಲ ಅಂತ ಅಪ್ಪನೇ ಸಹಿ ಮಾಡಿದ ಹೇಳಿಕೆಯನ್ನೂ ಜುಲೈ 18ಕ್ಕೆ ಕಳಿಸಿದೆ. 21ಕ್ಕೆ ಸೇರಿದೆ. ಈಗ ಆಗಸ್ಟ್ 6ಕ್ಕೆ ಇನ್ನೊಂದು ಪತ್ರ: ಎಂಎಲ್‌ಸಿ ಕಾಪಿ ಬೇಕು, ಡಿಸ್ಚಾರ್ಜ್ ಸಮ್ಮರಿಯ ಅಸಲು ಪ್ರತಿ ಬೇಕು. ಅಸಲು ಸಮ್ಮರಿ ಮೊದಲ ಕಟ್ಟಿನಲ್ಲೇ ಹೋಗಿದೆ! ಫೋನ್ ಮಾಡಿದರೆ "ಅಂಡರ್ ಪ್ರೋಸೆಸ್ ಮೇಡಂ" ಅಂತಾರೆ. ವೆಬ್‌ಸೈಟ್‌ನಲ್ಲಿ "ಡಾಕ್ಯುಮೆಂಟ್ ಅವೇಟೆಡ್" ಅಂತ ತೋರಿಸುತ್ತಿದೆ.

ಕೈಸಾಲ ಮಾಡಿ ಕಟ್ಟಿದ ದುಡ್ಡು ಇದು, ತಿಂಗಳು ತಿಂಗಳು ಬಡ್ಡಿ ಹೋಗುತ್ತಿದೆ. ಸರಿಯಾದ ಒಂದು ಮೇಲ್ ಬರೆಯಬೇಕು. "ಎಲ್ಲಾ ದಾಖಲೆ ಕೊಟ್ಟಿದ್ದೇವೆ, ದಯವಿಟ್ಟು ಬೇಗ ಮಾಡಿ" ಅಂದರೆ ಸಾಕಾ? ಕೊಟ್ಟಿದ್ದನ್ನೆಲ್ಲಾ ಪಟ್ಟಿ ಮಾಡಬೇಕಾ? ಮಾಡಿದವರು ಹೇಳಿ.

ಸಿಂಧನೂರು ಭತ್ತ

ಅಕ್ಕಾ, ಬೇಡಿಕೊಳ್ಳೋದು ಯಾಕೆ? 30 ದಿನದಲ್ಲಿ ದುಡ್ಡು ಕೊಡಬೇಕು ಅಂತ ವಿಮಾ ನಿಯಂತ್ರಕ ಐಆರ್‌ಡಿಎಐ ರೂಲೇ ಇದೆ. ನೀವು ಜೂನ್ 27ಕ್ಕೆ ಕೊಟ್ಟಿದ್ದೀರಿ, ಜುಲೈ 27ಕ್ಕೇ ಗಡುವು ಮುಗಿದಿದೆ. ಟಿಪಿಎನವರು ನಿಮ್ಮ ದುಡ್ಡು ಇಟ್ಟುಕೊಂಡು ಕೂತಿದ್ದಾರೆ. ಇನ್ನೊಂದು ಪೂರ್ತಿ ಜೆರಾಕ್ಸ್ ಸೆಟ್ ಕಳಿಸಿ. ಜೊತೆಗೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಅಂತ ದೊಡ್ಡ ಅಕ್ಷರದಲ್ಲಿ ಬರೆಯಿರಿ. ನಮ್ಮ ಮಾವನವರದ್ದು ಹಾಗೇ ಆಗಿದ್ದು.

ನಿವೃತ್ತ ಮೇಷ್ಟ್ರು, ಯಲಬುರ್ಗಾ

ತಂಗಿ, ನನ್ನ ಮೆಡಿಕಲ್ ಬಿಲ್ಲೂ ಹೀಗೇ ನಿಂತಿತ್ತು. ಬಿಇಒ ಆಫೀಸಿನಲ್ಲಿ ಕೇಸ್ ವರ್ಕರ್ ಬದಲಾದರು ಅಂತ ಫೈಲ್ ಮುಂದಕ್ಕೇ ಹೋಗಲಿಲ್ಲ. ಡಾಕ್ಟರ್ ಹತ್ತಿರ ಎಸೆನ್ಷಿಯಾಲಿಟಿ ಸರ್ಟಿಫಿಕೇಟ್‌ಗೆ ಸಹಿ ಮಾಡಿಸಿದ್ದೀರಾ? ಅದಿಲ್ಲದೆ ಖಜಾನೆಯಲ್ಲಿ ಬಿಲ್ ಪಾಸ್ ಆಗುವುದಿಲ್ಲ. ಮೊದಲು ಅದನ್ನು ನೋಡಿ.

ಹಳೇ ಇನ್ಶೂರೆನ್ಸ್ ಡೆಸ್ಕ್

ಮೇಷ್ಟ್ರೇ, ನೀವು ಹೇಳುತ್ತಿರುವುದು ಸರ್ಕಾರಿ ನೌಕರರ ದಾರಿ. ಅದು ಇಲಾಖೆಯಿಂದ ಖಜಾನೆಗೆ ಹೋಗುತ್ತದೆ, ನಡುವೆ ಟಿಪಿಎ ಬರುವುದಿಲ್ಲ. ಇವರದ್ದು ಖಾಸಗಿಯಾಗಿ ಪ್ರೀಮಿಯಂ ಕಟ್ಟಿದ ಪಾಲಿಸಿ.

ನಾನು ಬಳ್ಳಾರಿಯ ಆಸ್ಪತ್ರೆಯೊಂದರ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ತುಂಬಾ ವರ್ಷ ಕೂತಿದ್ದವನು. ಸಿಂಧನೂರು ಅಣ್ಣ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಆದರೆ ಉಳಿದ ಅರ್ಧ ನಂಬಿದರೆ ಅಕ್ಕನಿಗೆ ನಷ್ಟ.

ಮೊದಲನೆಯದು, ಹಣ ಕೊಡುವವರು ಟಿಪಿಎ ಅಲ್ಲ. ಅವರು ಕಾಗದ ನೋಡಿ, ಅವರ ಡಾಕ್ಟರ್ ಕೈಯಲ್ಲಿ ಪರೀಕ್ಷೆ ಮಾಡಿಸಿ, ಇಷ್ಟು ಕೊಡಬಹುದು ಅಂತ ವಿಮಾ ಕಂಪನಿಗೆ ಕಳಿಸುತ್ತಾರೆ. ಕೊಡೋದು, ಬಿಡೋದು ಕಂಪನಿಯ ತೀರ್ಮಾನ. ಹಣವೂ ಕಂಪನಿಯಿಂದಲೇ ಖಾತೆಗೆ ಬರುತ್ತದೆ. ಹಾಗಾಗಿ ಟಿಪಿಎ ಒಬ್ಬರಿಗೇ ಮೇಲ್ ಹಾಕಿದರೆ ಅರ್ಧ ಕೆಲಸ. ನಿಮ್ಮ ಪಾಲಿಸಿ ಕೊಟ್ಟ ಬ್ರಾಂಚ್‌ನ ಮೇಲ್ ಐಡಿಯನ್ನು ಸಿಸಿಯಲ್ಲಿ ಹಾಕಿ.

ಎರಡನೆಯದು ಇದಕ್ಕಿಂತ ಮುಖ್ಯ. ದಿನ ಎಣಿಸೋದು ಮೊದಲ ಫೈಲ್ ತಲುಪಿದ ದಿನದಿಂದ ಅಲ್ಲ. ಕೊನೆಯ ಅಗತ್ಯ ದಾಖಲೆ ಕೈಗೆ ಸೇರಿದ ದಿನದಿಂದ. ಪಾಲಿಸಿ ಪುಸ್ತಕ ತೆಗೆದು ಕ್ಲೇಮ್ ಸೆಟಲ್‌ಮೆಂಟ್ ಅನ್ನುವ ಷರತ್ತು ಓದಿ, ಇದೇ ಮಾತು ಇರುತ್ತದೆ. ಹಳೇ ಪುಸ್ತಕಗಳಲ್ಲಿ 30 ದಿನ ಅಂತ ಇದೆ, ಹೊಸದಾಗಿ ಅಚ್ಚಾದವುಗಳಲ್ಲಿ 15 ಅಂತ ನೋಡಿದ್ದೇನೆ. ನಿಮ್ಮದರಲ್ಲಿ ಏನಿದೆಯೋ ಅದನ್ನೇ ಮೇಲ್‌ನಲ್ಲಿ ಎತ್ತಿ ಬರೆಯಿರಿ.

ಈಗ ಯೋಚನೆ ಮಾಡಿ. ಟಿಪಿಎ ಪ್ರತಿ ಸಲ ಒಂದು ಹೊಸ ಕಾಗದ ಕೇಳಿದಾಗ ಆ ಕೊನೆಯ ದಿನ ಮುಂದಕ್ಕೆ ಹೋಗುತ್ತದೆ. ನೀವು "ಎಲ್ಲಾ ಕೊಟ್ಟಿದ್ದೇವೆ" ಅಂತ ಬರೆದರೆ ಅವರು "ಇಲ್ಲ, ಇದು ಬಂದಿಲ್ಲ" ಅಂತಾರೆ, ಅಲ್ಲಿಗೆ ಮಾತು ಮುಗಿಯಿತು. ಪಟ್ಟಿ ಬೇಕಾಗಿರೋದು ಇದಕ್ಕೇ. ಯಾವ ಕಾಗದ, ಅಸಲೋ ನಕಲೋ, ಎಷ್ಟು ಹಾಳೆ, ಯಾವ ಕಟ್ಟಿನಲ್ಲಿ ಹೋಯಿತು, ಯಾವ ದಿನ ಅವರ ಕೈ ಸೇರಿತು. ಇಷ್ಟನ್ನು ಬರೆದು, ನಿಮ್ಮ ದಾಖಲೆಯ ಪ್ರಕಾರ ಕೊನೆಯ ದಾಖಲೆ ಸೇರಿದ ದಿನ ಯಾವುದು ತಿಳಿಸಿ ಅಂತ ಕೇಳಿ. ಆ ದಿನಾಂಕ ಅವರ ಬಾಯಿಂದ ಲಿಖಿತವಾಗಿ ಬರಬೇಕು. ನಾಳೆ ಮೇಲಕ್ಕೆ ದೂರು ಕೊಟ್ಟರೂ ಎಲ್ಲರೂ ಮೊದಲು ನೋಡೋದು ಅದನ್ನೇ.

ಇನ್ನು ಸುಮ್ನೆ ಇನ್ನೊಂದು ಸೆಟ್ ಕಳಿಸಬೇಡಿ. ಎರಡು ಕಟ್ಟು ಎರಡು ಇನ್‌ವರ್ಡ್ ನಂಬರ್‌ನಲ್ಲಿ ಹೋಗಿ, ಒಂದು ಸ್ಕ್ಯಾನ್ ಆಗಿ ಇನ್ನೊಂದು ಮೂಲೆಯಲ್ಲಿ ಉಳಿದಿದ್ದನ್ನು ನಾನೇ ನೋಡಿದ್ದೇನೆ. ಕೆಲವೊಮ್ಮೆ ಡೂಪ್ಲಿಕೇಟ್ ಕ್ಲೇಮ್ ಅಂತ ಗುರುತು ಬೀಳುತ್ತದೆ. ಆಮೇಲೆ ಅದನ್ನು ಬಿಡಿಸೋದು ಬೇರೆ ತಲೆನೋವು.

ಸಿಂಧನೂರು ಭತ್ತ

ಕೊನೆಯ ದಾಖಲೆಯಿಂದ ಎಣಿಸೋದು ಅಂತ ಗೊತ್ತಿರಲಿಲ್ಲ ಸರ್. ಆದರೆ ಹಾಗಿದ್ದರೆ ಅವರು ಕೇಳುತ್ತಲೇ ಇರಬಹುದಲ್ಲ? ಒಂದು ಕೊಟ್ಟರೆ ಇನ್ನೊಂದು. ಅದಕ್ಕೆ ತಡೆ ಇಲ್ವಾ?

ಹಳೇ ಇನ್ಶೂರೆನ್ಸ್ ಡೆಸ್ಕ್

ಬೇಕಾದ್ದನ್ನೆಲ್ಲಾ ಒಂದೇ ಸಲ ಕೇಳಬೇಕು, ಕಂತಿನಲ್ಲಿ ಕೇಳಬಾರದು. ನಿಯಮದ ಆಶಯ ಅದೇ. ನಡೆಯೋದು ಬೇರೆ. ಅದಕ್ಕೇ ಮೇಲ್‌ನಲ್ಲಿ "ಇನ್ನು ಯಾವ ದಾಖಲೆ ಬಾಕಿ ಇದ್ದರೂ ಎಲ್ಲವನ್ನೂ ಒಂದೇ ಪತ್ರದಲ್ಲಿ ತಿಳಿಸಿ" ಅನ್ನುವ ವಾಕ್ಯ ಇರಲೇಬೇಕು. ಅದಾದ ಮೇಲೂ ಹೊಸದು ಕೇಳಿದರೆ ದೂರಿನಲ್ಲಿ ತೋರಿಸಲು ನಿಮ್ಮ ಹತ್ತಿರ ಏನಾದರೂ ಇರುತ್ತದೆ.

ಅಕ್ಕಾ, ಒಂದು ಅವಸರದ ಮಾತು. ಆಗಸ್ಟ್ 6ರ ಪತ್ರದಲ್ಲಿ ಉತ್ತರಕ್ಕೆ ಎಷ್ಟು ದಿನ ಕೊಟ್ಟಿದ್ದಾರೆ ನೋಡಿ. ಅದರ ಮೇಲೆ ಮೊದಲ ರಿಮೈಂಡರೋ, ಎರಡನೆಯದೋ ಅಂತಲೂ ಬರೆದಿರುತ್ತದೆ. ಸಾಮಾನ್ಯವಾಗಿ ಕೊನೆಯ ರಿಮೈಂಡರ್‌ಗೂ ಉತ್ತರ ಬರದಿದ್ದರೆ ದಾಖಲೆ ಕೊಟ್ಟಿಲ್ಲ ಅನ್ನುವ ಕಾರಣ ಹಾಕಿ ಫೈಲ್ ಮುಚ್ಚುತ್ತಾರೆ. ಮುಚ್ಚಿದ ಫೈಲ್ ತೆರೆಸಬಹುದು, ಆದರೆ ಕಂಪನಿಯ ಒಪ್ಪಿಗೆ ಬೇಕಾಗುತ್ತದೆ, ತಡ ಆಗುತ್ತದೆ.

ಗಂಗಾವತಿ ಮಗಳು

ಈಗ ನೋಡಿದೆ ಸರ್. 15 ದಿನ ಅಂತ ಇದೆ, ಅಂದರೆ 21ರ ಒಳಗೆ ಉತ್ತರ ಹೋಗಬೇಕು. ಮೇಲೆ "ರಿಮೈಂಡರ್ 2" ಅಂತ ಬರೆದಿದ್ದಾರೆ. ಆದರೆ ರಿಮೈಂಡರ್ 1 ನನಗೆ ಬಂದೇ ಇಲ್ಲ!

ತೋರಣಗಲ್ಲು ಬಿ ಶಿಫ್ಟ್

ಮೇಡಂ, ಪಾಲಿಸಿಯಲ್ಲಿ ಯಾರ ಮೇಲ್ ಐಡಿ ಇದೆ ನೋಡಿ. ನಮ್ಮದು ಕಂಪನಿಯ ಗ್ರೂಪ್ ಪಾಲಿಸಿ. ಕ್ವೆರಿ ಎಲ್ಲಾ ಎಚ್‌ಆರ್ ಮೇಲ್‌ಗೆ ಹೋಗುತ್ತೆ, ನಮಗೆ ಬರಲ್ಲ. ಎಚ್‌ಆರ್‌ನವರು ಶಿಫ್ಟ್ ಇನ್‌ಚಾರ್ಜ್‌ಗೆ ಹೇಳಿ, ಅವರು ನಮಗೆ ಹೇಳೋ ಹೊತ್ತಿಗೆ ಗಡುವು ಮುಗಿದಿರುತ್ತೆ. ನಾನು ಈಗ ಮೇಲ್ ಬರೆದಾಗೆಲ್ಲಾ ಎಂಪ್ಲಾಯಿ ನಂಬರ್ ಹಾಕಿ, ಎಚ್‌ಆರ್‌ನ ಸಿಸಿ ಮಾಡಿ, "ಉತ್ತರವನ್ನು ಈ ಐಡಿಗೂ ಕಳಿಸಿ" ಅಂತ ಬರೀತೀನಿ. ಹಾಗೆ ಬರೆದ ಮೇಲೆ ಬರ್ತಾ ಇದೆ.

ಗಂಗಾವತಿ ಮಗಳು

ನಿಮ್ಮ ಮಾತು ನಿಜ ಅಣ್ಣಾ. ಪಾಲಿಸಿ ಹಾಳೆಯಲ್ಲಿ ಏಜೆಂಟರ ಮೇಲ್ ಐಡಿ ಇದೆ. ಪಾಲಿಸಿ ಮಾಡಿಸಿದಾಗ ಅವರೇ ಫಾರ್ಮ್ ತುಂಬಿದ್ದರು. ಫೋನ್ ಮಾಡಿ ಕೇಳಿದೆ. ಜುಲೈ 25ರ ಪತ್ರ ಅವರ ಮೇಲ್‌ನಲ್ಲೇ ಕೂತಿದೆ. ಈಗ ನನಗೆ ಕಳಿಸಿದರು. ಅದರಲ್ಲೂ ಎಂಎಲ್‌ಸಿಯನ್ನೇ ಕೇಳಿದ್ದಾರೆ. ಐಡಿ ಬದಲಿಸಲು ಬ್ರಾಂಚ್‌ಗೆ ಅರ್ಜಿ ಕಳಿಸುತ್ತೇನೆ.

ಹಾಗಾದರೆ ಮುಖ್ಯ ತೊಡಕು ಎಂಎಲ್‌ಸಿಯದ್ದೇ. ಮನೆಯ ಹಿತ್ತಲಲ್ಲಿ ಬಿದ್ದಿದ್ದಕ್ಕೆ ಪೊಲೀಸರ ಕಾಗದ ಎಲ್ಲಿಂದ ತರಲಿ?

ರಾಯಚೂರು ಸಿಸ್ಟರ್

ಅಕ್ಕಾ, ನಾನು ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡುತ್ತೇನೆ. ಬಿದ್ದು ಮೂಳೆ ಮುರಿದುಕೊಂಡು ಬಂದ ವಯಸ್ಸಾದವರಿಗೆಲ್ಲಾ ಎಂಎಲ್‌ಸಿ ಮಾಡುವುದಿಲ್ಲ. ಗಾಡಿ ಅಪಘಾತ, ಹೊಡೆದಾಟ, ವಿಷ, ಸುಟ್ಟ ಗಾಯ, ಸಂಶಯ ಬರುವಂಥದ್ದು, ಅಂಥವಕ್ಕೆ ಮಾಡುತ್ತೇವೆ. ನಿಮ್ಮದು ಆಗಿಲ್ಲದೇ ಇರೋದು ಸಹಜ. ಆದರೆ ಇನ್ಶೂರೆನ್ಸ್‌ನವರಿಗೆ ಪೆಟ್ಟು ಅಂದ ಕೂಡಲೇ ಎರಡು ಸಂಶಯ: ರಸ್ತೆ ಅಪಘಾತವಾ, ಕುಡಿದಿದ್ದರಾ. ಅದನ್ನು ತಳ್ಳಿಹಾಕುವ ಕಾಗದ ಬೇಕು ಅವರಿಗೆ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಹಿಸ್ಟರಿ ಅಂತ ಒಂದು ಸಾಲು ಇರುತ್ತೆ ನೋಡಿ. ಅಲ್ಲಿ ಎಲ್ಲಿ, ಯಾವಾಗ, ಹೇಗೆ ಬಿದ್ದರು ಅಂತ ಬರೆದಿದೆಯಾ?

ಗಂಗಾವತಿ ಮಗಳು

ನನ್ನ ಹತ್ತಿರ ಇರುವ ಸ್ಕ್ಯಾನ್ ನೋಡಿದೆ. "ಬಿದ್ದ ಇತಿಹಾಸ ಇದೆ" ಅನ್ನುವ ಅರ್ಥದ ಒಂದೇ ಸಾಲು. ಎಲ್ಲಿ, ಹೇಗೆ ಅಂತ ಏನೂ ಇಲ್ಲ.

ಹಳೇ ಇನ್ಶೂರೆನ್ಸ್ ಡೆಸ್ಕ್

ಸಿಕ್ಕಿತು. ಆ ಒಂದು ಸಾಲಿಗೇ ಫೈಲ್ ನಿಂತಿದೆ.

ಕ್ಲೇಮ್ ಫಾರ್ಮ್‌ನ ಪಾರ್ಟ್ ಎ ನೀವು ತುಂಬಿದ್ದು, ಪಾರ್ಟ್ ಬಿ ಆಸ್ಪತ್ರೆ ತುಂಬಿದ್ದು. ಪೆಟ್ಟಾಗಿದ್ದರೆ ಕಾರಣ ಏನು, ಎಂಎಲ್‌ಸಿ ಆಗಿದೆಯಾ ಇಲ್ಲವಾ, ಪೊಲೀಸರಿಗೆ ತಿಳಿಸಿದ್ದೀರಾ ಅಂತ ಎರಡರಲ್ಲೂ ಕೇಳುತ್ತಾರೆ. ಪಾರ್ಟ್ ಬಿಯಲ್ಲಿ ಆಸ್ಪತ್ರೆಯವರು ಆ ಜಾಗ ಖಾಲಿ ಬಿಟ್ಟಿರಬಹುದು. ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ಇದು ತುಂಬಾ ಕಡೆ ಆಗುತ್ತದೆ. ನಿಮ್ಮ ಸ್ವಂತ ಹೇಳಿಕೆ ಕೊಟ್ಟಿದ್ದೀರಿ, ಒಳ್ಳೆಯದೇ. ಆದರೆ ಟಿಪಿಎಯ ಡಾಕ್ಟರ್ ಕಣ್ಣಿಗೆ ಅದು ಕ್ಲೇಮ್ ಹಾಕಿದವರ ಮಾತು. ಅವರಿಗೆ ಬೇಕಾಗಿರುವುದು ಚಿಕಿತ್ಸೆ ಕೊಟ್ಟ ಡಾಕ್ಟರ್ ಮಾತು.

ಆಪರೇಷನ್ ಮಾಡಿದ ಡಾಕ್ಟರ್ ಹತ್ತಿರ ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆಸಿ. ಜೂನ್ 3ರ ರಾತ್ರಿ ಮನೆಯ ಹಿತ್ತಲಲ್ಲಿ ಜಾರಿ ಬಿದ್ದ ಹಿಸ್ಟರಿ ಇದೆ, ದಾಖಲಾದಾಗ ಮದ್ಯದ ಅಮಲಿನ ಲಕ್ಷಣ ಇರಲಿಲ್ಲ, ಮೆಡಿಕೋ ಲೀಗಲ್ ಪ್ರಕರಣ ಅಲ್ಲದ ಕಾರಣ ಎಂಎಲ್‌ಸಿ ಮಾಡಿಲ್ಲ. ಕೆಳಗೆ ಡಾಕ್ಟರ್ ಸಹಿ, ಸೀಲು, ರಿಜಿಸ್ಟ್ರೇಷನ್ ನಂಬರ್, ಅಪ್ಪನವರ ಒಳರೋಗಿ ನಂಬರ್. ಮೂರು ತಿಂಗಳ ಒಳಗಿನ ಕೇಸ್, ಫೈಲ್ ಅವರ ರೆಕಾರ್ಡ್ ರೂಮಿನಲ್ಲಿ ಕೈಗೇ ಸಿಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅಡ್ಮಿಷನ್ ಹಾಳೆಯಲ್ಲಿ ಆ ದಿನ ಏನು ಬರೆದಿದ್ದಾರೋ ಅದಕ್ಕೆ ಹೊಂದುವಂತಿರಬೇಕು. ಕೆಲವು ಟಿಪಿಎಗಳು ಆಸ್ಪತ್ರೆಯಲ್ಲಿದ್ದಾಗ ಬರೆದ ಇಂಡೋರ್ ಕೇಸ್ ಪೇಪರ್ ತರಿಸಿ ಹೋಲಿಸುತ್ತಾರೆ.

ಗಂಗಾವತಿ ಮಗಳು (ಆಗಸ್ಟ್ 20)

ತಮ್ಮ ಇವತ್ತು ಬಳ್ಳಾರಿಗೆ ಹೋಗಿ ಡಾಕ್ಟರ್ ಪತ್ರ ತಂದ. ಅಡ್ಮಿಷನ್ ಹಾಳೆಯ ಕಾಪಿಯನ್ನೂ ಸೀಲು ಹಾಕಿಸಿ ತಂದಿದ್ದಾನೆ. ಅದರಲ್ಲಿ ಹಿತ್ತಲಲ್ಲಿ ಜಾರಿ ಬಿದ್ದಿದ್ದು ಅಂತ ಡ್ಯೂಟಿ ಡಾಕ್ಟರ್ ಅವತ್ತೇ ಬರೆದಿದ್ದಾರೆ.

ಮೇಲ್ ಬರೆದಿದ್ದೇನೆ. ಕಳಿಸುವುದು ಇಂಗ್ಲಿಷ್‌ನಲ್ಲಿ, ಇಲ್ಲಿ ಎಲ್ಲರಿಗೂ ಗೊತ್ತಾಗಲಿ ಅಂತ ಕನ್ನಡದಲ್ಲಿ ಹಾಕುತ್ತಿದ್ದೇನೆ. ನಂಬರ್‌ಗಳನ್ನು ತೆಗೆದಿದ್ದೇನೆ. ನೋಡಿ ಹೇಳಿ.

> ವಿಷಯ: ಕ್ಲೇಮ್ ನಂಬರ್ …, ಪಾಲಿಸಿ ನಂಬರ್ …, ಆಗಸ್ಟ್ 6ರ ಕ್ವೆರಿಗೆ ಉತ್ತರ ಮತ್ತು ಕ್ಲೇಮ್ ಸ್ಥಿತಿಯ ವಿಚಾರಣೆ
>
> ಮಾನ್ಯರೇ,
>
> ನನ್ನ ತಂದೆಯವರು ಜೂನ್ 4ರಿಂದ 10ರವರೆಗೆ ಬಳ್ಳಾರಿಯಲ್ಲಿ ಒಳರೋಗಿಯಾಗಿದ್ದರು. ಕೇಳಿರುವ ಮೊತ್ತ ₹1,56,400. ಇದುವರೆಗೆ ಕಳಿಸಿದ ದಾಖಲೆಗಳು ಹೀಗಿವೆ.
>
> ಮೊದಲ ಕಟ್ಟು, ಸ್ಪೀಡ್ ಪೋಸ್ಟ್ ನಂ. …, ನಿಮಗೆ ತಲುಪಿದ್ದು ಜೂನ್ 27:
> 1. ಕ್ಲೇಮ್ ಫಾರ್ಮ್ ಪಾರ್ಟ್ ಎ ಮತ್ತು ಪಾರ್ಟ್ ಬಿ, ಅಸಲು
> 2. ಡಿಸ್ಚಾರ್ಜ್ ಸಮ್ಮರಿ, ಅಸಲು, 3 ಹಾಳೆ
> 3. ಆಸ್ಪತ್ರೆಯ ಅಂತಿಮ ಬಿಲ್, ವಿವರ ಸಹಿತ, ಅಸಲು, ₹1,31,500
> 4. ಪಾವತಿ ರಸೀದಿ ಎರಡು, ಅಸಲು: ಜೂನ್ 4ರ ₹50,000 ಮತ್ತು ಜೂನ್ 10ರ ₹81,500
> 5. ಹೊರಗಿನ ಔಷಧಿ ಬಿಲ್‌ಗಳು ಚೀಟಿ ಸಹಿತ, ಅಸಲು, 14 ಬಿಲ್, ₹18,260
> 6. ದಾಖಲಾಗುವ ಮೊದಲಿನ ಎಕ್ಸ್‌ರೇ ಮತ್ತು ರಕ್ತ ಪರೀಕ್ಷೆ, ಬಿಲ್ ಮತ್ತು ವರದಿ, ₹4,140
> 7. ಆಂಬುಲೆನ್ಸ್ ರಸೀದಿ, ₹2,500
> 8. ಆಪರೇಷನ್‌ಗೆ ಮೊದಲಿನ ಮತ್ತು ನಂತರದ ಎಕ್ಸ್‌ರೇ ಫಿಲ್ಮ್
> 9. ಆಧಾರ್ ಮತ್ತು ಪ್ಯಾನ್ ನಕಲು
>
> ಎರಡನೆಯ ಕಟ್ಟು, ಸ್ಪೀಡ್ ಪೋಸ್ಟ್ ನಂ. …, ನಿಮಗೆ ತಲುಪಿದ್ದು ಜುಲೈ 21:
>
> 10. ಇಂಪ್ಲಾಂಟ್ ಇನ್‌ವಾಯ್ಸ್ ಮತ್ತು ಸ್ಟಿಕ್ಕರ್
> 11. ಹೆಸರು ಅಚ್ಚಾಗಿರುವ ಕ್ಯಾನ್ಸಲ್ ಚೆಕ್
> 12. ಎಂಎಲ್‌ಸಿ ಆಗಿಲ್ಲ ಎಂಬ ಸ್ವಂತ ಹೇಳಿಕೆ
>
> ಈ ಮೇಲ್ ಜೊತೆ, ಆಗಸ್ಟ್ 6ರ ಕ್ವೆರಿಗೆ ಉತ್ತರವಾಗಿ:
>
> 13. ಚಿಕಿತ್ಸೆ ಕೊಟ್ಟ ಡಾಕ್ಟರ್ ಪತ್ರ
> 14. ಅಡ್ಮಿಷನ್ ಹಾಳೆಯ ದೃಢೀಕೃತ ನಕಲು
>
> ಅಸಲು ಡಿಸ್ಚಾರ್ಜ್ ಸಮ್ಮರಿ ಮೊದಲ ಕಟ್ಟಿನಲ್ಲಿ 2ನೇ ದಾಖಲೆಯಾಗಿ ನಿಮ್ಮಲ್ಲೇ ಇದೆ. ದಯವಿಟ್ಟು ಪರಿಶೀಲಿಸಿ. ಕ್ಲೇಮ್ ಯಾವ ಹಂತದಲ್ಲಿದೆ ಎಂದು ಬೇಗ ತಿಳಿಸಬೇಕಾಗಿ ವಿನಂತಿ.

ಹಳೇ ಇನ್ಶೂರೆನ್ಸ್ ಡೆಸ್ಕ್

ಚೆನ್ನಾಗಿದೆ ಅಕ್ಕಾ. ಮೊತ್ತಗಳನ್ನು ಕೂಡಿಸಿ ನೋಡಿದೆ. 1,31,500, 18,260, 4,140, 2,500 ಸೇರಿಸಿದರೆ 1,56,400 ಸರಿಯಾಗಿ ಬರುತ್ತದೆ. ಎರಡು ರಸೀದಿ ಸೇರಿದರೆ ಬಿಲ್ ಮೊತ್ತಕ್ಕೆ ಸಮ. ಇದು ಸಣ್ಣ ವಿಷಯ ಅಲ್ಲ. ಅಡ್ವಾನ್ಸ್ ರಸೀದಿ ಬಿಟ್ಟು ಕೊನೆಯ ರಸೀದಿ ಮಾತ್ರ ಇಟ್ಟು ಕಳಿಸುವವರು ಬಹಳ ಜನ. ಆಗ ಬಿಲ್‌ಗೂ ಕಟ್ಟಿದ್ದಕ್ಕೂ ತಾಳೆಯಾಗದೆ ಕ್ವೆರಿ ಬರುತ್ತದೆ.

ಮೂರು ಕಡೆ ತಿದ್ದಿ.

10ನೆಯದರ ಇನ್‌ವಾಯ್ಸ್ ಮೊತ್ತ ಬರೆದು, ಅದು ಆಸ್ಪತ್ರೆ ಬಿಲ್‌ನ ಒಳಗೇ ಸೇರಿದೆ ಅಂತ ಹೇಳಿ. ಇಲ್ಲದಿದ್ದರೆ ಹೆಚ್ಚುವರಿ ಕೇಳುತ್ತಿದ್ದೀರಿ ಅಂದುಕೊಂಡು ಇನ್ನೊಂದು ಪ್ರಶ್ನೆ ಹಾಕುತ್ತಾರೆ. ಸ್ಟಿಕ್ಕರ್ ಮೇಲಿನ ಲಾಟ್ ನಂಬರ್ ಇನ್‌ವಾಯ್ಸ್‌ನಲ್ಲೂ ಇದೆಯಾ ಅಂತ ಒಮ್ಮೆ ಕಣ್ಣು ಹಾಯಿಸಿ. ಅವರು ಹೋಲಿಸುವುದೇ ಅದನ್ನು.

ಸಮ್ಮರಿ ವಿಷಯದಲ್ಲಿ "ಪರಿಶೀಲಿಸಿ" ಅಂತ ಬಿಟ್ಟರೆ ಸಾಲದು. ಅದರ ಸ್ಕ್ಯಾನ್, ಜೂನ್ 27ರ ಡೆಲಿವರಿ ತೋರಿಸುವ ಟ್ರ್ಯಾಕಿಂಗ್ ಪುಟ, ಎರಡನ್ನೂ ಲಗತ್ತಿಸಿ. ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ, ಹಳೆಯದಾದ ಮೇಲೆ ಅದು ಸಿಗುವುದಿಲ್ಲ. ನಿಮ್ಮಲ್ಲಿ ಸಿಗದಿದ್ದರೆ ಲಿಖಿತವಾಗಿ ತಿಳಿಸಿ, ಆಸ್ಪತ್ರೆಯಿಂದ ದೃಢೀಕೃತ ನಕಲು ತರುತ್ತೇವೆ ಅಂತ ಬರೆಯಿರಿ. ಕಳೆದುಹೋಗಿದೆ ಅಂತ ಅವರು ಬರೆದು ಒಪ್ಪಿಕೊಂಡರೆ ನಕಲಿಗೆ ಬೆಲೆ ಬರುತ್ತದೆ.

ಕೊನೆಯ ಸಾಲು ತೆಗೆಯಿರಿ. "ಬೇಗ ತಿಳಿಸಿ" ಅನ್ನುವುದಕ್ಕೆ "ಅಂಡರ್ ಪ್ರೋಸೆಸ್" ಅಂತ ಉತ್ತರ ಬರುತ್ತದೆ, ಆಗ ಅವರು ಉತ್ತರ ಕೊಟ್ಟ ಹಾಗೂ ಆಯಿತು, ನಿಮಗೆ ಏನೂ ತಿಳಿಯದ ಹಾಗೂ ಆಯಿತು. ಅದರ ಬದಲು ಹೀಗೆ ಕೇಳಿ: ನಿಮ್ಮ ದಾಖಲೆಯಲ್ಲಿ ಕೊನೆಯ ಅಗತ್ಯ ದಾಖಲೆ ಬಂದ ದಿನ ಯಾವುದು? ಇನ್ನೇನಾದರೂ ಬಾಕಿ ಇದ್ದರೆ ಎಲ್ಲವನ್ನೂ ಒಂದೇ ಸಲ ತಿಳಿಸಿ. ಫೈಲ್ ಈಗ ನಿಮ್ಮಲ್ಲಿದೆಯೋ, ವಿಮಾ ಕಂಪನಿಗೆ ಹೋಗಿದೆಯೋ, ಹೋಗಿದ್ದರೆ ಯಾವ ದಿನ? ಈ ಮೂರಕ್ಕೂ "ಅಂಡರ್ ಪ್ರೋಸೆಸ್" ಉತ್ತರ ಆಗುವುದಿಲ್ಲ.

ಕ್ವೆರಿ ಬಂದ ಮೇಲ್‌ಗೇ ರಿಪ್ಲೈ ಮಾಡಿ, ಹೊಸ ಮೇಲ್ ಬೇಡ. ಹಳೆಯ ಪತ್ರ ಕೆಳಗೇ ಇದ್ದರೆ ಅಲ್ಲಿ ಕೂತವರು ಬದಲಾದರೂ ಎಳೆ ಸಿಗುತ್ತದೆ. ಲಗತ್ತುಗಳು ತುಂಬಾ ಭಾರ ಆದರೆ ಮೇಲ್ ವಾಪಸ್ ಬರುತ್ತದೆ, ಮೊಬೈಲ್ ಫೋಟೋ ಹಾಗೇ ಹಾಕದೆ ಪಿಡಿಎಫ್ ಮಾಡಿ. ಡಾಕ್ಟರ್ ಪತ್ರದ ಅಸಲನ್ನು ಇವತ್ತೇ ಸ್ಪೀಡ್ ಪೋಸ್ಟ್ ಮಾಡಿ, ಆ ನಂಬರನ್ನೂ ಮೇಲ್‌ನಲ್ಲಿ ಬರೆಯಿರಿ.

ತೋರಣಗಲ್ಲು ಬಿ ಶಿಫ್ಟ್

ಒಂದು ಪ್ರಶ್ನೆ ಸರ್. ಅಪ್ಪನವರಿಗೆ ಫಿಸಿಯೋಥೆರಪಿ ನಡೀತಿರುತ್ತಲ್ಲ. ಆ ಬಿಲ್ಲುಗಳನ್ನೂ ಇದೇ ಮೇಲ್‌ನಲ್ಲಿ ಸೇರಿಸಿಬಿಟ್ಟರೆ ಒಂದೇ ಸಲ ಮುಗಿಯಲ್ವಾ?

ಹಳೇ ಇನ್ಶೂರೆನ್ಸ್ ಡೆಸ್ಕ್

ಬೇಡವೇ ಬೇಡ. ಹೊಸ ಬಿಲ್ ಸೇರಿಸಿದ ದಿನವೇ ಕೊನೆಯ ದಾಖಲೆಯ ದಿನ ಆಗಿಬಿಡುತ್ತದೆ. ಇಷ್ಟು ಕಷ್ಟಪಟ್ಟು ಹಿಡಿದ ದಿನಾಂಕವನ್ನು ನಾವೇ ಮುಂದಕ್ಕೆ ತಳ್ಳಿದ ಹಾಗೆ. ಡಿಸ್ಚಾರ್ಜ್ ನಂತರದ ಖರ್ಚಿಗೆ ಪಾಲಿಸಿಯಲ್ಲಿ ಒಂದು ಅವಧಿ ಇರುತ್ತದೆ, ಬಹಳಷ್ಟು ಪಾಲಿಸಿಗಳಲ್ಲಿ 60 ದಿನ. ಆ ಅವಧಿ ಮುಗಿದ ಮೇಲೆ ಅಷ್ಟನ್ನೂ ಬೇರೆ ಕ್ಲೇಮ್ ಆಗಿ, ಈ ಕ್ಲೇಮ್ ನಂಬರ್ ನಮೂದಿಸಿ ಹಾಕಬೇಕು. ಅಕ್ಕನ ವಿಷಯದಲ್ಲಿ 60 ದಿನ ಅಂದರೆ ಆಗಸ್ಟ್ 9ಕ್ಕೆ ಮುಗಿದಿದೆ. ಬಿಲ್ ಕೊಡಲು ಅಲ್ಲಿಂದ ಎಷ್ಟು ದಿನ ಇದೆ ಅಂತ ಪುಸ್ತಕದಲ್ಲಿ ನೋಡಿ ಅಕ್ಕಾ, ಸಾಮಾನ್ಯವಾಗಿ 15 ದಿನ ಇರುತ್ತದೆ. ಹಾಗಿದ್ದರೆ 24ರ ಒಳಗೆ ಬೇರೆ ಕವರ್‌ನಲ್ಲಿ ಕಳಿಸಿ.

ಗಂಗಾವತಿ ಮಗಳು (ಆಗಸ್ಟ್ 29)

ನೀವು ಹೇಳಿದಂತೆ ತಿದ್ದಿ 20ರ ಸಂಜೆಯೇ ಮೇಲ್ ಕಳಿಸಿದೆ, ಬ್ರಾಂಚ್‌ಗೂ ಸಿಸಿ ಹಾಕಿದೆ. ಫಿಸಿಯೋಥೆರಪಿ ಬಿಲ್‌ಗಳು ಬೇರೆ ಕವರ್‌ನಲ್ಲಿ ಹೋಗಿವೆ. ಇವತ್ತು ಉತ್ತರ ಬಂತು.

ಅಸಲು ಸಮ್ಮರಿ ಸಿಕ್ಕಿದೆಯಂತೆ. ಎಕ್ಸ್‌ರೇ ಫಿಲ್ಮ್‌ಗಳ ದೊಡ್ಡ ಕವರ್ ಒಳಗೆ ಸೇರಿಕೊಂಡು ಸ್ಕ್ಯಾನ್ ಆಗಿರಲಿಲ್ಲ. ಬೇರೆ ಏನೂ ಬಾಕಿ ಇಲ್ಲ, ಫೈಲ್ ವಿಮಾ ಕಂಪನಿಗೆ ಆಗಸ್ಟ್ 28ಕ್ಕೆ ಹೋಗಿದೆ. ಆದರೆ ಕೊನೆಯ ದಾಖಲೆ ಸೇರಿದ ದಿನ ಆಗಸ್ಟ್ 25 ಅಂತ ಬರೆದಿದ್ದಾರೆ, ಡಾಕ್ಟರ್ ಪತ್ರದ ಅಸಲು ತಲುಪಿದ ದಿನ. ನನಗೆ ಇದು ನ್ಯಾಯ ಅನ್ನಿಸುತ್ತಿಲ್ಲ. ಎಂಎಲ್‌ಸಿ ಇಲ್ಲ ಅಂತ ಜುಲೈ 21ಕ್ಕೇ ಅವರ ಕೈಗೆ ಕಾಗದ ಸೇರಿದೆ. ಡಾಕ್ಟರ್ ಪತ್ರ ಬೇಕು ಅಂತ ಅವರು ಒಮ್ಮೆಯೂ ಕೇಳಲಿಲ್ಲ. ಇಲ್ಲದ ಎಂಎಲ್‌ಸಿಯನ್ನೇ ಕೇಳುತ್ತಾ ಹೋದರು.

ಸಿಂಧನೂರು ಭತ್ತ

ಅಕ್ಕಾ ಹೇಳೋದು ಸರಿ. ಇರದ ಕಾಗದ ಅಗತ್ಯ ದಾಖಲೆ ಹೇಗೆ ಆಗುತ್ತೆ? ಜುಲೈ 21ರಿಂದ ಎಣಿಸಿದರೆ 30 ದಿನವೂ ಆಗಸ್ಟ್ 20ಕ್ಕೇ ಮುಗಿಯಿತು. ಗಡುವು ಮೀರಿದ್ದಕ್ಕೆ ಜುಲೈ 21ರಿಂದಲೇ ಬಡ್ಡಿ ಕೇಳಿ. ಬ್ಯಾಂಕ್ ದರದ ಮೇಲೆ ಶೇ. 2 ಸೇರಿಸಿ ಕೊಡಬೇಕು ಅಂತ ಇದೆ, ಈ ಸಲ ಪಾಲಿಸಿ ಪುಸ್ತಕ ಓದಿಯೇ ಹೇಳುತ್ತಿದ್ದೇನೆ.

ರಾಯಚೂರು ಸಿಸ್ಟರ್

ಈಗ ಜಗಳ ತೆಗೆದರೆ ಕೈಗೆ ಬರುವ ದುಡ್ಡು ಮತ್ತೆ ನಿಲ್ಲುತ್ತೇನೋ ಅಂತ ನನಗೆ ಭಯ. ಬಂದ ಮೇಲೆ ಕೇಳಿದರೆ ಆಗಲ್ವಾ?

ಹಳೇ ಇನ್ಶೂರೆನ್ಸ್ ಡೆಸ್ಕ್

ಬಡ್ಡಿಯ ಲೆಕ್ಕ ಅಣ್ಣ ಹೇಳಿದ್ದು ಸರಿ. ಅದು ಶುರುವಾಗುವ ದಿನ ಯಾವುದು ಅನ್ನುವುದರಲ್ಲಿ ಅಕ್ಕನ ವಾದಕ್ಕೆ ಬಲ ಇದೆ, ಆದರೆ ಕಂಪನಿ ಒಪ್ಪುತ್ತದೆ ಅಂತ ನಾನು ಭರವಸೆ ಕೊಡಲಾರೆ. ಡಾಕ್ಟರ್ ಪತ್ರವೇ ನಿರ್ಣಾಯಕ ದಾಖಲೆ ಅಂತ ಅವರು ವಾದಿಸುತ್ತಾರೆ. ಅದಕ್ಕೂ ಬಲ ಇದೆ.

ಸಿಸ್ಟರ್, ಜಗಳ ಬೇಡ, ಆದರೆ ಸುಮ್ಮನಿರುವುದೂ ಬೇಡ. ಇದೇ ಮೇಲ್‌ಗೆ ರಿಪ್ಲೈ ಮಾಡಿ ಎರಡು ಸಾಲು ಬರೆಯಿರಿ: ಫೈಲ್ ಮುಂದೆ ಹೋಗಿದ್ದಕ್ಕೆ ಧನ್ಯವಾದ, ಕೊನೆಯ ದಾಖಲೆಯ ದಿನ ಜುಲೈ 21 ಎಂಬುದು ನಮ್ಮ ನಿಲುವು, ಕಾರಣ ಇಂಥದ್ದು. ಇದರಿಂದ ಹಣ ನಿಲ್ಲುವುದಿಲ್ಲ, ಹಕ್ಕೂ ಉಳಿಯುತ್ತದೆ.

ಇನ್ನು ಮುಂದೆ ಟಿಪಿಎಯನ್ನು ಕೇಳಿ ಪ್ರಯೋಜನ ಇಲ್ಲ, ಫೈಲ್ ಕಂಪನಿಯಲ್ಲಿದೆ. ಅಲ್ಲಿ ನಿಂತರೆ ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೆ ಬರೆಯಿರಿ, ಹೆಸರು, ಐಡಿ ಪಾಲಿಸಿ ಪುಸ್ತಕದ ಕೊನೆಯಲ್ಲಿರುತ್ತದೆ. ಜೊತೆಗೆ ಐಆರ್‌ಡಿಎಐನ ದೂರಿನ ವೆಬ್‌ಸೈಟ್ ಬಿಮಾ ಭರೋಸಾದಲ್ಲಿ ದೂರು ಹಾಕಬಹುದು, 155255ಕ್ಕೆ ಫೋನ್ ಮಾಡಿದರೂ ಬರೆದುಕೊಳ್ಳುತ್ತಾರೆ. ಅದಕ್ಕೂ ಬಗ್ಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ, ಶುಲ್ಕ ಇಲ್ಲ, ವಕೀಲರೂ ಬೇಡ. ಆದರೆ ಮೊದಲು ಕಂಪನಿಗೆ ಬರೆದು ಒಂದು ತಿಂಗಳು ಕಾಯಬೇಕು. ಎಲ್ಲಾ ಕಡೆಯೂ 20ರ ಮೇಲ್‌ನ ಅದೇ ಪಟ್ಟಿಯನ್ನು ಲಗತ್ತಿಸಿ, ಹೊಸದಾಗಿ ಕಥೆ ಬರೆಯಬೇಕಿಲ್ಲ.

ನಿವೃತ್ತ ಮೇಷ್ಟ್ರು, ಯಲಬುರ್ಗಾ

ಒಳ್ಳೆಯದಾಯಿತು ತಂಗಿ. ನನ್ನ ಮೊಮ್ಮಗನದ್ದು ಖಾಸಗಿ ಪಾಲಿಸಿ. ಅವನಿಗೆ ಈ ಪಟ್ಟಿ ಕಳಿಸುತ್ತೇನೆ. ಫಿಲ್ಮ್ ಕವರ್ ಒಳಗೆ ಬೇರೆ ಕಾಗದ ಇಡಬೇಡ ಅಂತಲೂ ಹೇಳುತ್ತೇನೆ.

ಗಂಗಾವತಿ ಮಗಳು

ಆ ಕವರ್‌ನಲ್ಲಿ ನಾವು ಇಟ್ಟಿರಲಿಲ್ಲ ಮೇಷ್ಟ್ರೇ, ಸಮ್ಮರಿ ಮೇಲುಗಡೆ ಪಿನ್ ಮಾಡಿತ್ತು. ಅಲ್ಲಿ ಬಿಚ್ಚಿದಾಗ ಹೋಗಿರಬೇಕು.

ಡೆಸ್ಕ್ ಸರ್, ರಿಪ್ಲೈ ಕಳಿಸಿದೆ. ಕಂಪನಿಯಿಂದ ಮಂಜೂರಾದರೆ ಪೂರ್ತಿ 1,56,400 ಬರುತ್ತಾ, ಕಡಿತ ಆಗುತ್ತಾ?

ಹಳೇ ಇನ್ಶೂರೆನ್ಸ್ ಡೆಸ್ಕ್

ಪೂರ್ತಿ ಬರುವುದು ಅಪರೂಪ. ಗ್ಲೌಸ್, ಮಾಸ್ಕ್, ರಿಜಿಸ್ಟ್ರೇಷನ್ ಶುಲ್ಕ ಇಂಥವನ್ನು ಕಡಿಯುತ್ತಾರೆ, ಆಂಬುಲೆನ್ಸ್‌ಗೆ ಮಿತಿ ಇರುತ್ತದೆ. ರೂಮ್ ಬಾಡಿಗೆಗೆ ಪಾಲಿಸಿಯಲ್ಲಿ ಮಿತಿ ಇದ್ದು, ನೀವು ಅದಕ್ಕಿಂತ ಜಾಸ್ತಿಯ ರೂಮ್ ತೆಗೆದುಕೊಂಡಿದ್ದರೆ ಡಾಕ್ಟರ್ ಫೀಸು, ಓಟಿ ಚಾರ್ಜಿನಲ್ಲೂ ಅದೇ ಪ್ರಮಾಣದಲ್ಲಿ ಕಡಿಯಬಹುದು. ಆದರೆ ಇಂಪ್ಲಾಂಟ್ ಮತ್ತು ಔಷಧಿಗೆ ಆ ಪ್ರಮಾಣದ ಕಡಿತ ಹಾಕುವಂತಿಲ್ಲ. ಹಣ ಬಂದ ದಿನ ಸೆಟಲ್‌ಮೆಂಟ್ ಪತ್ರ ತರಿಸಿಕೊಳ್ಳಿ, ಯಾವ ಬಾಬ್ತಿಗೆ ಎಷ್ಟು ಕಡಿದರು ಅಂತ ಅದರಲ್ಲಿ ಸಾಲು ಸಾಲಾಗಿ ಇರುತ್ತದೆ. ಇಂಪ್ಲಾಂಟ್ ಸಾಲಿನಲ್ಲಿ ಕಡಿತ ಕಂಡರೆ ಇಲ್ಲಿ ಹಾಕಿ, ನೋಡೋಣ.